ಓಡುವಾಗ ಪಕ್ಕೆ ಹಿಡಿದರೆ: ಕಾರಣ ಗುರುತಿಸಿ ತಡೆಯುವ ಕ್ರಮ

ಓಟ ಶುರುವಾಗಿ ಎರಡು ಮೂರು ಕಿಲೋಮೀಟರ್ ಆಗಿರುತ್ತದೆ. ಕಾಲು ದಣಿದಿರುವುದಿಲ್ಲ, ಉಸಿರೂ ಹದಕ್ಕೆ ಬಂದಿರುತ್ತದೆ, ಅಷ್ಟರಲ್ಲಿ ಬಲಗಡೆಯ ಪಕ್ಕೆಲುಬಿನ ಕೆಳಗೆ ಚಾಕುವಿನಿಂದ ಚುಚ್ಚಿದಂಥ ನೋವು ಏಳುತ್ತದೆ. ಓಡುತ್ತಲೇ ಇದ್ದರೆ ಪ್ರತಿ ಹೆಜ್ಜೆಗೂ ಅದು ಮೇಲೇರುತ್ತದೆ. ನಿಂತರೆ ಕೆಲವು ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಕಬ್ಬನ್ ಪಾರ್ಕ್‌ನಲ್ಲೋ ಲಾಲ್‌ಬಾಗ್‌ನಲ್ಲೋ ಬೆಳಗಿನ ಹೊತ್ತು ಒಂದು ಸುತ್ತು ಹಾಕಿದರೆ, ಸೊಂಟದ ಮೇಲೆ ಕೈಯಿಟ್ಟು ಒಂದು ಬದಿಗೆ ಬಾಗಿ ನಿಂತ ಒಬ್ಬರಾದರೂ ಕಾಣಸಿಗುತ್ತಾರೆ. ಓಟಗಾರರು ಇದನ್ನು ಪಕ್ಕೆ ಹಿಡಿಯುವುದು ಅಥವಾ ಸ್ಟಿಚ್ ಎನ್ನುತ್ತಾರೆ; ವೈದ್ಯಕೀಯ ಬರಹಗಳಲ್ಲಿ ವ್ಯಾಯಾಮದಿಂದ ಬರುವ ತಾತ್ಕಾಲಿಕ ಹೊಟ್ಟೆನೋವು ಎಂಬ ಅರ್ಥದ ಉದ್ದನೆಯ ಹೆಸರಿದೆ, ಅದರ ಸಂಕ್ಷಿಪ್ತ ರೂಪ ಈಟ್ಯಾಪ್.

ಹೊಸದಾಗಿ ಓಡಲು ಆರಂಭಿಸಿದವರಿಗೆ ನೆರವಾಗುವ ಕೆಲಸದಲ್ಲಿ ನಾನು ಹೆಚ್ಚಾಗಿ ಕೇಳುವ ದೂರು ಮೊಣಕಾಲಿನದಲ್ಲ, ಈ ಪಕ್ಕೆಯದು. ಇದರ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಉಸಿರಾಟದ ಸುತ್ತಲೇ ತಿರುಗುತ್ತವೆ. ಹೊಟ್ಟೆಯಲ್ಲಿ ಏನಿದೆ, ಎಷ್ಟಿದೆ, ಅದು ಯಾವಾಗ ಒಳಗೆ ಹೋಯಿತು ಎಂಬ ಪ್ರಶ್ನೆಯನ್ನು ಮೊದಲು ಕೇಳಿದರೆ ಉತ್ತರ ಬೇಗ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಈ ಲೇಖನದ ಹೆಚ್ಚಿನ ಭಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ನೋವು ಎಲ್ಲಿಂದ ಬರುತ್ತದೆ

ಆಸ್ಟ್ರೇಲಿಯಾದ ಡ್ಯಾರೆನ್ ಮಾರ್ಟನ್ ಮತ್ತು ರಾಬಿನ್ ಕ್ಯಾಲಿಸ್ಟರ್ ಎಂಬ ಸಂಶೋಧಕರು ಈ ನೋವನ್ನು ಹಲವು ವರ್ಷ ಅಧ್ಯಯನ ಮಾಡಿದ್ದಾರೆ. ಅವರು 2000ದಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಿಂದಿನ ಒಂದು ವರ್ಷದಲ್ಲಿ ಈ ನೋವು ಬಂದಿತ್ತೆಂದು ಹೇಳಿದವರು ಈಜುಗಾರರಲ್ಲಿ ಶೇಕಡಾ 75, ಓಟಗಾರರಲ್ಲಿ ಶೇಕಡಾ 69, ಕುದುರೆ ಸವಾರರಲ್ಲಿ ಶೇಕಡಾ 62 ಮತ್ತು ಸೈಕಲ್ ತುಳಿಯುವವರಲ್ಲಿ ಶೇಕಡಾ 32. ಈ ನಾಲ್ಕು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು, ಹಳೆಯ ವಿವರಣೆಗಳಲ್ಲಿ ಕೆಲವು ಸಡಿಲಗೊಳ್ಳುತ್ತವೆ.

ಎದೆಗೂಡಿಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಉಸಿರಾಟದ ಸ್ನಾಯುವಿಗೆ ರಕ್ತ ಸಾಲದೆ ಹೀಗಾಗುತ್ತದೆ ಎಂಬುದು ಬಹುಕಾಲ ಪ್ರಚಲಿತವಾಗಿದ್ದ ಮಾತು. ಆದರೆ ಕುದುರೆಯ ಮೇಲೆ ಕುಳಿತವರು ಓಡುವವರಷ್ಟು ಏದುಸಿರು ಬಿಡುವುದಿಲ್ಲ, ಆದರೂ ಅವರಿಗೆ ಈ ನೋವು ಹೇರಳವಾಗಿ ಬರುತ್ತದೆ. ಏದುಸಿರು ಬಿಟ್ಟು ಸೈಕಲ್ ತುಳಿಯುವವರಿಗೆ ಕಡಿಮೆ ಬರುತ್ತದೆ. ಹೊಟ್ಟೆಯ ಅಂಗಗಳನ್ನು ವಪೆಗೆ ತೂಗುಹಾಕಿರುವ ಕಟ್ಟುಗಳು ಓಟದ ಕುಲುಕಾಟಕ್ಕೆ ಜಗ್ಗುತ್ತವೆ ಎಂಬುದು ಇನ್ನೊಂದು ವಿವರಣೆ. ಅದು ಓಟಕ್ಕೂ ಕುದುರೆ ಸವಾರಿಗೂ ಒಪ್ಪುತ್ತದೆ, ಆದರೆ ಕುಲುಕಾಟವೇ ಇಲ್ಲದ ಈಜಿಗೆ ಒಪ್ಪುವುದಿಲ್ಲ. ಸ್ನಾಯು ಸೆಳೆತವೆಂಬ ಊಹೆಯೂ ಇದೆ. ನೋವಿನ ಹೊತ್ತಿನಲ್ಲಿ ಆ ಜಾಗದ ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆದಾಗ ಸೆಳೆತದ ಗುರುತು ಸಿಗಲಿಲ್ಲ.

ಈಗ ಹೆಚ್ಚು ಒಪ್ಪಿತವಾಗಿರುವ ವಿವರಣೆ ಹೊಟ್ಟೆಯ ಒಳಗೋಡೆಗೆ ಅಂಟಿಕೊಂಡಿರುವ ತೆಳುವಾದ ಪೊರೆಗೆ ಸಂಬಂಧಿಸಿದ್ದು. ವೈದ್ಯರು ಅದನ್ನು ಪೆರಿಟೋನಿಯಂ ಎನ್ನುತ್ತಾರೆ. ಕರುಳು, ಜಠರಗಳನ್ನು ಸುತ್ತುವ ಪೊರೆಗೂ ಗೋಡೆಯ ಈ ಪೊರೆಗೂ ನಡುವೆ ಸ್ವಲ್ಪ ದ್ರವವಿದ್ದು, ಅವು ಒಂದರ ಮೇಲೊಂದು ಜಾರಲು ಅದು ನೆರವಾಗುತ್ತದೆ. ಜಠರ ತುಂಬಿ ಉಬ್ಬಿದಾಗ, ಅಥವಾ ಆ ದ್ರವದ ಪ್ರಮಾಣವೋ ಗುಣವೋ ಬದಲಾದಾಗ, ಪೊರೆಗಳ ನಡುವಿನ ತಿಕ್ಕಾಟ ಹೆಚ್ಚುತ್ತದೆ ಎಂಬುದು ಈ ವಿವರಣೆಯ ತಿರುಳು. ಗೋಡೆಯ ಪೊರೆಗೆ ಚರ್ಮದಂತೆಯೇ ಜಾಗವನ್ನು ಖಚಿತವಾಗಿ ತೋರಿಸುವ ನರಗಳಿರುವುದರಿಂದ ನಾವು ಒಂದೇ ಬೆರಳಿಟ್ಟು ನೋವಿನ ಸ್ಥಳವನ್ನು ಹೇಳಬಲ್ಲೆವು. ವಪೆಯ ಕೆಳಭಾಗದ ಪೊರೆಗೆ ಮಾತ್ರ ಕತ್ತಿನಿಂದ ಇಳಿದು ಬರುವ ನರವಿದೆ. ಕೆಲವರಿಗೆ ಪಕ್ಕೆಯ ನೋವಿನ ಜೊತೆಗೆ ಭುಜದ ತುದಿಯಲ್ಲೂ ನೋವು ಕಾಣಿಸಿಕೊಳ್ಳುವುದು ಅದರಿಂದ. ಈ ವಿವರಣೆಯೂ ಅಂತಿಮವಾಗಿ ಸಾಬೀತಾದದ್ದಲ್ಲ, ಆದರೂ ಊಟ, ಪಾನೀಯ ಮತ್ತು ಬೆನ್ನಿನ ಭಂಗಿ ಈ ಮೂರೂ ಏಕೆ ಪರಿಣಾಮ ಬೀರುತ್ತವೆ ಎಂಬುದನ್ನು ಉಳಿದವುಗಳಿಗಿಂತ ಚೆನ್ನಾಗಿ ವಿವರಿಸುತ್ತದೆ.

ಮೊದಲ ಹೆಜ್ಜೆ: ಇದು ಅದೇ ನೋವೇ ಎಂದು ಖಾತ್ರಿ ಮಾಡಿಕೊಳ್ಳಿ

ಪಕ್ಕೆ ಹಿಡಿಯುವ ನೋವು ಸಾಮಾನ್ಯವಾಗಿ ಪಕ್ಕೆಲುಬಿನ ಅಂಚಿನ ಕೆಳಗೆ ಅಥವಾ ಹೊಕ್ಕುಳಿನ ಮಟ್ಟದಲ್ಲಿ ಬದಿಗೆ ಬರುತ್ತದೆ, ಎಡಕ್ಕಿಂತ ಬಲಗಡೆ ಹೆಚ್ಚು. ಜೋರಾಗಿದ್ದಾಗ ಚುಚ್ಚುತ್ತದೆ, ಕಡಿಮೆಯಿದ್ದಾಗ ಹಿಡಿದುಕೊಂಡಂತೆ ಅಥವಾ ಎಳೆದಂತೆ ಇರುತ್ತದೆ. ಕುಳಿತಿರುವಾಗ, ಮಲಗಿರುವಾಗ ಇರುವುದಿಲ್ಲ. ತೀವ್ರವಾಗಿ ಬಂದುಹೋದ ಮೇಲೆ ಆ ಜಾಗ ಸ್ವಲ್ಪ ಹೊತ್ತು, ಕೆಲವೊಮ್ಮೆ ಮರುದಿನದವರೆಗೂ, ಮುಟ್ಟಿದರೆ ನೋಯಬಹುದು, ಅದರಿಂದ ಗಾಬರಿಪಡಬೇಕಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಶ್ರಮಪಟ್ಟಾಗ ಬಂದು, ನಿಂತಾಗ ಹೋಗುವುದು ಪಕ್ಕೆ ಹಿಡಿತದ ಲಕ್ಷಣ ಮಾತ್ರವಲ್ಲ; ಹೃದಯದ ರಕ್ತನಾಳ ಕಿರಿದಾದಾಗ ಬರುವ ಆಂಜೈನಾದ ಲಕ್ಷಣವೂ ಅದೇ. ಅದು ಎದೆಯಲ್ಲೇ ಬರಬೇಕೆಂದಿಲ್ಲ, ಹೊಟ್ಟೆಯ ಮೇಲ್ಭಾಗದ ನಡುವೆಯೂ ಒತ್ತಿದಂತೆ, ಬಿಗಿದಂತೆ ಅಥವಾ ಉರಿದಂತೆ ಬರಬಹುದು; ಮಧುಮೇಹ ಇರುವವರಲ್ಲಿ ಮತ್ತು ಮಹಿಳೆಯರಲ್ಲಿ ಲಕ್ಷಣಗಳು ಇನ್ನಷ್ಟು ಅಸ್ಪಷ್ಟವಾಗಿರುತ್ತವೆ. ಪಕ್ಕೆ ಹಿಡಿತ ಎಳೆಯ ವಯಸ್ಸಿನಲ್ಲಿ ಹೆಚ್ಚು, ವಯಸ್ಸಾದಂತೆ ಕಡಿಮೆ. ಆದುದರಿಂದ ಹಿಂದೆಂದೂ ಬಾರದ ನೋವು 40 ದಾಟಿದ ಮೇಲೆ ಹೊಸದಾಗಿ ಶುರುವಾದರೆ, ಮೆಟ್ಟಿಲು ಹತ್ತುವಾಗ ಅಥವಾ ಬಿರುಸಾಗಿ ನಡೆಯುವಾಗಲೂ ಬಂದರೆ, ಎದೆ, ದವಡೆ, ತೋಳಿಗೆ ಹರಡಿದರೆ, ಜೊತೆಗೆ ತಣ್ಣನೆಯ ಬೆವರು, ತಲೆಸುತ್ತು ಅಥವಾ ಮಿತಿಮೀರಿದ ಉಬ್ಬಸ ಇದ್ದರೆ, ಈ ಲೇಖನವನ್ನು ಬದಿಗಿಟ್ಟು ವೈದ್ಯರ ಬಳಿ ಹೋಗಬೇಕು. ನಿಂತ ಮೇಲೂ ಅಂಥ ನೋವು ಇಳಿಯದಿದ್ದರೆ ಕಾಯದೆ 108ಕ್ಕೆ ಕರೆ ಮಾಡಬೇಕು. ವೈದ್ಯರು ಇಸಿಜಿಯನ್ನೂ, ಅಗತ್ಯವಿದ್ದರೆ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಮಾಡಿಸುತ್ತಾರೆ.

ಇನ್ನು ಕೆಲವು ನೋವುಗಳನ್ನು ಗುರುತಿಸುವುದು ಸುಲಭ, ಏಕೆಂದರೆ ಅವು ನಿಂತ ಮೇಲೂ ಬಿಡುವುದಿಲ್ಲ. ಬೆನ್ನಿನಿಂದ ತೊಡೆಸಂದಿಗೆ ಇಳಿಯುವ ಮೂತ್ರಕಲ್ಲಿನ ನೋವು, ಬಲಗಡೆ ಕೆಳಹೊಟ್ಟೆಯಲ್ಲಿ ನೆಲೆಸಿ ಏರುತ್ತಲೇ ಹೋಗುವ ಅಪೆಂಡಿಕ್ಸ್ ನೋವು, ಜಿಡ್ಡಿನ ಊಟದ ನಂತರ ಗಂಟೆಗಟ್ಟಲೆ ಕಾಡುವ ಪಿತ್ತಕೋಶದ ಕಲ್ಲಿನ ನೋವು ಇವೆಲ್ಲ ಆ ಗುಂಪಿಗೆ ಸೇರುತ್ತವೆ. ಜ್ವರ, ವಾಂತಿ, ಮೂತ್ರದಲ್ಲಿ ರಕ್ತ ಅಥವಾ ಮಲದಲ್ಲಿ ರಕ್ತ ಕಂಡರೆ ಅದು ಪಕ್ಕೆ ಹಿಡಿತವಲ್ಲ. ಮಲೇರಿಯಾ, ಟೈಫಾಯ್ಡ್‌ನಂಥ ಜ್ವರಗಳಲ್ಲಿ ಗುಲ್ಮ ದೊಡ್ಡದಾಗಬಹುದಾದ್ದರಿಂದ, ಅಂಥ ಜ್ವರದಿಂದ ಚೇತರಿಸಿಕೊಳ್ಳುವಾಗ ಎಡಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದರೆ ವೈದ್ಯರು ಹೊಟ್ಟೆ ಮುಟ್ಟಿ ನೋಡುವವರೆಗೆ ಓಡಬಾರದು.

ನೋವು ಬಂದ ಕ್ಷಣದಲ್ಲಿ

ವೇಗ ತಗ್ಗಿಸಿ ನಡಿಗೆಗೆ ಬನ್ನಿ. ನೋವಿರುವ ಜಾಗದ ಮೇಲೆ ಎರಡು ಮೂರು ಬೆರಳುಗಳನ್ನಿಟ್ಟು ಒಳಕ್ಕೆ ಗಟ್ಟಿಯಾಗಿ ಒತ್ತಿ, ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿ, ತುಟಿಗಳನ್ನು ಕಿರಿದು ಮಾಡಿ ಉಸಿರನ್ನು ನಿಧಾನವಾಗಿ ಪೂರ್ತಿ ಹೊರಗೆ ಬಿಡಿ. ಉಸಿರು ಬಿಡುವಾಗ, ಯಾರೋ ಹೊಟ್ಟೆಗೆ ಗುದ್ದಲು ಬಂದಾಗ ಬಿಗಿಹಿಡಿಯುವ ಹಾಗೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿ ಮಾಡಿ. ನ್ಯೂಜಿಲೆಂಡ್‌ನ ಪ್ಲಂಕೆಟ್ ಮತ್ತು ಹಾಪ್‌ಕಿನ್ಸ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓಟಗಾರರಿಗೆ ಪಾನೀಯ ಕುಡಿಸಿ ಓಡಿಸಿ ನೋವು ಬರಿಸಿದ ಮೇಲೆ, ಅದನ್ನು ಇಳಿಸಿದ ಉಪಾಯಗಳು ಇವೇ: ಮುಂದಕ್ಕೆ ಬಾಗುವುದು, ಹೊಟ್ಟೆ ಬಿಗಿಹಿಡಿಯುವುದು, ಕಿರಿದಾದ ತುಟಿಗಳ ಮೂಲಕ ಉಸಿರಾಡುವುದು, ಸೊಂಟಕ್ಕೆ ಬಿಗಿಯಾದ ಪಟ್ಟಿ ಕಟ್ಟುವುದು.

ಹೆಚ್ಚಿನವರಿಗೆ ಒಂದೆರಡು ನಿಮಿಷ ಸಾಕಾಗುತ್ತದೆ. ನೋವು ಪೂರ್ತಿ ಹೋದ ಮೇಲೆ, ಮೊದಲಿನ ವೇಗಕ್ಕೆ ನೇರವಾಗಿ ಹಾರದೆ, ಮಾತಾಡಿಕೊಂಡು ಓಡಬಹುದಾದಷ್ಟು ನಿಧಾನವಾಗಿ ಆರಂಭಿಸಿ. ಆ ಹೊತ್ತಿನಲ್ಲಿ ಬಾಟಲಿ ತೆರೆದು ಗಟಗಟನೆ ನೀರು ಕುಡಿಯುವುದು ಹಲವರ ಅಭ್ಯಾಸ. ಅದು ನೋವನ್ನು ಮತ್ತೆ ಕರೆಯುತ್ತದೆ. ಬಾಯಿ ಒಣಗಿದ್ದರೆ ಒಂದು ಗುಟುಕು ಸಾಕು. ಹತ್ತು ಹದಿನೈದು ನಿಮಿಷ ನಡೆದರೂ ನೋವು ಇಳಿಯದಿದ್ದರೆ ಆ ದಿನದ ಓಟವನ್ನು ಅಲ್ಲಿಗೇ ಮುಗಿಸಿ, ಮೇಲೆ ಹೇಳಿದ ಎಚ್ಚರಿಕೆಯ ಲಕ್ಷಣಗಳನ್ನು ಇನ್ನೊಮ್ಮೆ ಪರಿಶೀಲಿಸಿಕೊಳ್ಳಿ.

ಎರಡನೆಯ ಹೆಜ್ಜೆ: ಹೊಟ್ಟೆಯ ಲೆಕ್ಕ ಬರೆದಿಡಿ

ಇಲ್ಲಿ ನಮ್ಮ ಗುಂಪಿನ ಒಬ್ಬ ಯುವತಿಯ ಉದಾಹರಣೆಯನ್ನು ವಿವರವಾಗಿ ಹೇಳುತ್ತೇನೆ. ಬಸವನಗುಡಿಯಲ್ಲಿ ವಾಸ, ಕಂಪ್ಯೂಟರ್ ಮುಂದೆ ಕುಳಿತು ಮಾಡುವ ಉದ್ಯೋಗ, ವಯಸ್ಸು ಮೂವತ್ತರೊಳಗೆ. ಹತ್ತು ಕಿಲೋಮೀಟರಿನ ಸ್ಪರ್ಧೆಗೆ ತಯಾರಿ ನಡೆಸಿದ್ದರು. ವಾರದಲ್ಲಿ ಎರಡು ದಿನ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ, ಒಂದು ದಿನ ಸಂಜೆ ಮನೆಯ ಹತ್ತಿರದ ಮೈದಾನದಲ್ಲಿ, ಭಾನುವಾರ ದೀರ್ಘ ಓಟ. ನಾಲ್ಕು ಓಟಗಳಲ್ಲಿ ಮೂರರಲ್ಲಾದರೂ ಬಲ ಪಕ್ಕೆ ಹಿಡಿಯುತ್ತಿತ್ತು. ಉಸಿರಾಟ ಸರಿಯಿಲ್ಲವೆಂದು ಯಾರೋ ಹೇಳಿದ್ದರಿಂದ ತಿಂಗಳುಗಟ್ಟಲೆ ಹೆಜ್ಜೆ ಎಣಿಸಿ ಉಸಿರಾಡಿದ್ದರು, ಪ್ರಯೋಜನವಾಗಿರಲಿಲ್ಲ.

ನಾನು ಅವರಿಗೆ ಹೇಳಿದ್ದು ಎರಡು ವಾರ ಏನನ್ನೂ ಬದಲಿಸದೆ ಬರೀ ಬರೆದಿಡಲು. ಪ್ರತಿ ಓಟಕ್ಕೂ ಐದು ವಿಷಯ: ಓಟಕ್ಕೆ ಹಿಂದಿನ ಮೂರು ಗಂಟೆಗಳಲ್ಲಿ ತಿಂದದ್ದು ಮತ್ತು ಕುಡಿದದ್ದು ಏನು, ಅಂದಾಜು ಎಷ್ಟು, ಎಷ್ಟು ಗಂಟೆಗೆ, ನೋವು ಎಷ್ಟನೆಯ ನಿಮಿಷದಲ್ಲಿ ಬಂತು, ಹತ್ತಕ್ಕೆ ಎಷ್ಟು ಜೋರಾಗಿತ್ತು. ಕುಡಿಯುವುದನ್ನು ಲೋಟದ ಲೆಕ್ಕದಲ್ಲಿ ಬರೆಯದೆ, ಮನೆಯ ಲೋಟವನ್ನೂ ಚೊಂಬನ್ನೂ ಒಮ್ಮೆ ಅಳೆದು ಮಿಲಿಲೀಟರಿನಲ್ಲಿ ಬರೆಯಬೇಕು. ಇದು ಅತಿ ಎನಿಸಬಹುದು, ಆದರೆ ಅವರ ವಿಷಯದಲ್ಲಿ ಗುಟ್ಟು ಬಯಲಾದದ್ದು ಆ ಅಳತೆಯಿಂದಲೇ. ಏಳುತ್ತಲೇ ಒಂದು ಚೊಂಬು ಬಿಸಿನೀರಿಗೆ ನಿಂಬೆರಸ, ಜೇನು ಬೆರೆಸಿ ಕುಡಿಯುವ ಅಭ್ಯಾಸ ಅವರಿಗಿತ್ತು. ಒಂದು ಲೋಟದಷ್ಟು ಎಂದುಕೊಂಡಿದ್ದ ಆ ಚೊಂಬು ಹಿಡಿಯುತ್ತಿದ್ದುದು ಸುಮಾರು 600 ಮಿಲಿಲೀಟರ್. ಅದನ್ನು ಕುಡಿದು, ಒಂದು ಬಾಳೆಹಣ್ಣು ತಿಂದು, ಅರ್ಧ ಗಂಟೆಯೊಳಗೆ ಓಡತೊಡಗುತ್ತಿದ್ದರು. ನೋವು ಬರುತ್ತಿದ್ದುದು ಹದಿನೈದನೆಯ ನಿಮಿಷದ ಆಸುಪಾಸಿನಲ್ಲಿ. ತಡವಾಗಿ ಎದ್ದು, ಏನನ್ನೂ ಕುಡಿಯದೆ ಓಡಿಬಂದ ಒಂದು ಬೆಳಿಗ್ಗೆ ನೋವು ಬರಲೇ ಇಲ್ಲ. ಸಂಜೆಯ ಓಟದ ಕಥೆ ಬೇರೆ: ನಾಲ್ಕೂವರೆಗೆ ಕಚೇರಿಯ ಬಳಿ ಮಸಾಲೆ ದೋಸೆ, ಕಾಫಿ, ಆರಕ್ಕೆ ಮೈದಾನ. ಭಾನುವಾರ ದೀರ್ಘ ಓಟಕ್ಕೆ ಶಕ್ತಿ ಬೇಕೆಂದು ಹೊರಡುವ ಮುನ್ನ ಡಬ್ಬಿಯ ಹಣ್ಣಿನ ರಸ. ಎಲ್ಲಕ್ಕಿಂತ ಜೋರಾದ ನೋವು ಆ ಭಾನುವಾರಗಳದ್ದೇ.

ಭಾನುವಾರದ ವಿಷಯ ನನಗೆ ಅಚ್ಚರಿ ತರಲಿಲ್ಲ. ಮಾರ್ಟನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಕ್ಕೆ ಹಿಡಿಯುವ ಸ್ವಭಾವದವರನ್ನು ಹಣ್ಣಿನ ರಸ, ಕ್ರೀಡಾ ಪಾನೀಯ, ರುಚಿ ಬೆರೆಸಿದ ನೀರು ಇವನ್ನು ಬೇರೆ ಬೇರೆ ಸಲ ಕುಡಿಸಿಯೂ, ಏನನ್ನೂ ಕುಡಿಸದೆಯೂ ಓಡಿಸಿದಾಗ, ಹೆಚ್ಚು ತೊಂದರೆ ಕೊಟ್ಟದ್ದು ಹಣ್ಣಿನ ರಸ. ಅದರಲ್ಲಿ ಕರಗಿರುವ ಸಕ್ಕರೆ ಸಾಮಾನ್ಯ ಕ್ರೀಡಾ ಪಾನೀಯಕ್ಕಿಂತ ಹೆಚ್ಚು. ಅಷ್ಟು ಗಾಢವಾದ ದ್ರವ ಜಠರದಿಂದ ನಿಧಾನವಾಗಿ ಖಾಲಿಯಾಗುತ್ತದೆ, ಕರುಳಿಗೆ ಇಳಿದ ಮೇಲೆ ದೇಹದಿಂದ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ನಮ್ಮಲ್ಲಿ ಓಟದ ಮುಂಚೆ ಕುಡಿಯುವ ಕಬ್ಬಿನ ಹಾಲು, ಸಕ್ಕರೆ ಹಾಕಿದ ಕಲ್ಲಂಗಡಿ ರಸ, ಗಾಢವಾಗಿ ಕಲಸಿದ ಗ್ಲೂಕೋಸ್ ಪುಡಿ ಇವನ್ನೂ ಇದೇ ಸಾಲಿನಲ್ಲಿ ಇಟ್ಟು ನೋಡುವುದು ಜಾಣತನ. ಎಳನೀರು ಇವುಗಳಿಗಿಂತ ತೆಳು, ಆದರೆ ಒಂದು ದೊಡ್ಡ ಕಾಯಿಯ ಎಳನೀರನ್ನು ಒಂದೇ ಉಸಿರಿಗೆ ಕುಡಿದು ಓಡಿದರೆ ಪ್ರಮಾಣವೇ ಸಾಕು ನೋವು ತರಲು. ಓಟ ಮುಗಿದ ಮೇಲೆ ಇವು ಯಾವುದಕ್ಕೂ ಅಡ್ಡಿಯಿಲ್ಲ.

ಊಟದ ವಿಷಯದಲ್ಲಿ ಜನ ಎಣಿಸುವುದಕ್ಕಿಂತ ಸ್ವಲ್ಪ ಬೇರೆಯದೇ ಸಂಗತಿ ಗೊತ್ತಾಗಿದೆ. ಸಿಡ್ನಿಯಲ್ಲಿ ನಡೆಯುವ 14 ಕಿಲೋಮೀಟರಿನ ಸಿಟಿ ಟು ಸರ್ಫ್ ಓಟದಲ್ಲಿ ಭಾಗವಹಿಸಿದವರನ್ನು ಕೇಳಿ ತಿಳಿದು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಓಡಿದವರಲ್ಲಿ ಸುಮಾರು ಶೇಕಡಾ 30 ಮಂದಿಗೆ ಈ ನೋವು ಬಂದಿತ್ತು; ಓಟಕ್ಕೆ ಒಂದರಿಂದ ಎರಡು ಗಂಟೆ ಮೊದಲು ದೇಹದ ತೂಕಕ್ಕೆ ಹೋಲಿಸಿದರೆ ಹೆಚ್ಚು ಪ್ರಮಾಣದಲ್ಲಿ ತಿಂದವರಿಗೆ ಅದರ ಸಂಭವ ಜಾಸ್ತಿ ಇತ್ತು. ತಿಂದದ್ದು ಜಿಡ್ಡೋ ಹಿಟ್ಟಿನ ಪದಾರ್ಥವೋ ಎಂಬುದರಿಂದ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ದೋಸೆಯ ಬದಲು ಇಡ್ಲಿ ತಿಂದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಎಷ್ಟು ತಿಂದಿರಿ, ಓಟಕ್ಕೆ ಎಷ್ಟು ಮೊದಲು ತಿಂದಿರಿ ಎಂಬುದನ್ನೇ ಮುಖ್ಯವಾಗಿ ನೋಡಿ.

ಮೂರನೆಯ ಹೆಜ್ಜೆ: ಒಂದು ಸಲಕ್ಕೆ ಒಂದನ್ನೇ ಬದಲಿಸಿ

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ನೋವು ಹೋಗಬಹುದು, ಆದರೆ ಯಾವುದರಿಂದ ಹೋಯಿತೆಂದು ಗೊತ್ತಾಗದೆ, ಬೇಕಿಲ್ಲದ ಪಥ್ಯವನ್ನು ವರ್ಷಗಟ್ಟಲೆ ಹೊತ್ತುಕೊಂಡು ಓಡಬೇಕಾಗುತ್ತದೆ. ಆ ಯುವತಿ ಮೊದಲು ಬದಲಿಸಿದ್ದು ಬೆಳಗಿನ ಚೊಂಬನ್ನು ಮಾತ್ರ. 600ರ ಬದಲು 150 ಮಿಲಿಲೀಟರ್ ಬರಿಯ ನೀರು; ಬಾಳೆಹಣ್ಣು ಹಾಗೆಯೇ ಇತ್ತು.

“ಇಷ್ಟೇ ನೀರು ಕುಡಿದು ಓಡಿದ್ರೆ ಸುಸ್ತಾಗಲ್ವಾ ಸರ್?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನೀರನ್ನು ಬಿಡಬೇಕಾಗಿಲ್ಲ, ಅದರ ಹೊತ್ತನ್ನು ಬದಲಿಸಬೇಕು. ಹಿಂದಿನ ದಿನ ಸಂಜೆಯಿಂದ ರಾತ್ರಿಯೊಳಗೆ ಸಾಕಷ್ಟು ಕುಡಿದಿದ್ದರೆ, ಬೆಂಗಳೂರಿನ ಬೆಳಗಿನ ತಂಪಿನಲ್ಲಿ ಮುಕ್ಕಾಲು ಗಂಟೆ ಓಡುವುದಕ್ಕೆ ಹೊರಡುವ ಮುಂಚೆ ಚೊಂಬುಗಟ್ಟಲೆ ನೀರು ಬೇಕಿಲ್ಲ. ಒಂದು ಗಂಟೆ ಮೀರಿ ಓಡುವವರು, ಅಥವಾ ಮಾರ್ಚ್, ಏಪ್ರಿಲ್‌ನ ಸೆಖೆಯಲ್ಲಿ ಸಂಜೆ ಓಡುವವರು, ದಾರಿಯಲ್ಲಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ಗುಟುಕು ಕುಡಿಯುತ್ತಾ ಹೋಗಬೇಕು. ಅದೇ ನೀರನ್ನು ಒಂದೇ ಸಲಕ್ಕೆ ಅರ್ಧ ಲೀಟರ್ ಸುರಿದುಕೊಂಡಾಗ ತಾನೇ ಜಠರ ಉಬ್ಬುವುದು. ಇನ್ನೊಂದು ಮಾತು: ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಪಕ್ಕೆ ನೋವಿಗೆ ಹೆದರಿ ಖಾಲಿ ಹೊಟ್ಟೆಯಲ್ಲಿ ಓಡಬಾರದು, ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಓಟದ ದಿನದ ಆಹಾರ ಮತ್ತು ಔಷಧದ ಹೊಂದಾಣಿಕೆಯನ್ನು ಅವರು ತಮ್ಮ ವೈದ್ಯರೊಂದಿಗೇ ನಿರ್ಧರಿಸಬೇಕು.

ನೀರು ಇಳಿಸಿದ ಎರಡು ವಾರಗಳಲ್ಲಿ ಬೆಳಗಿನ ಓಟದ ನೋವು ಒಮ್ಮೆ ಮಾತ್ರ, ಅದೂ ಲಘುವಾಗಿ ಬಂತು. ಬಾಳೆಹಣ್ಣನ್ನು ಮುಟ್ಟಬೇಕಾಗಲಿಲ್ಲ. ಮುಂದಿನ ಬದಲಾವಣೆ ಸಂಜೆಯದು. ಮಧ್ಯಾಹ್ನದ ಊಟವನ್ನು ಒಂದೂವರೆಯೊಳಗೆ ಮುಗಿಸಿ, ತಿಂಡಿಯನ್ನು ಮೂರೂವರೆಗೆ ತಂದು, ಪೂರ್ತಿ ದೋಸೆಯ ಬದಲು ಎರಡು ಇಡ್ಲಿಗೆ ಇಳಿಸಿದರು. ಹೀಗೆ ತಿಂಡಿಗೂ ಓಟಕ್ಕೂ ಎರಡೂವರೆ ಗಂಟೆಯ ಅಂತರ ಬಂತು. ಸಾಮಾನ್ಯವಾಗಿ ಲಘು ತಿಂಡಿಗೆ ಎರಡು ಗಂಟೆ, ಹೊಟ್ಟೆ ತುಂಬಾ ಊಟಕ್ಕೆ ಮೂರು ಗಂಟೆಗೆ ಕಡಿಮೆಯಿಲ್ಲದ ಅಂತರದಿಂದ ಆರಂಭಿಸಿ. ಕೆಲವರ ಜಠರ ಇದಕ್ಕಿಂತ ನಿಧಾನ, ಅಂಥವರು ಇನ್ನೂ ಅರ್ಧ ಗಂಟೆ ಹೆಚ್ಚಿಸಿ ನೋಡಬೇಕು. ಸಂಜೆಯ ನೋವು ನಿಂತಿತು. ಕೊನೆಗೆ ಭಾನುವಾರದ ಹಣ್ಣಿನ ರಸವನ್ನು ಬಿಟ್ಟು, ಓಟಕ್ಕೆ ಮುಂಚೆ ಅರ್ಧ ಬಾಳೆಹಣ್ಣು, ದಾರಿಯಲ್ಲಿ ಗುಟುಕು ಗುಟುಕಾಗಿ ನೀರು ಎಂದು ಮಾಡಿಕೊಂಡರು. ಮೊದಲ ಅರ್ಧದ ನೋವು ಹೋಯಿತು. ಆದರೆ ಏಳನೆಯ ಕಿಲೋಮೀಟರಿನ ನಂತರ, ದಣಿವು ಏರಿದಾಗ, ಅದೇ ಜಾಗದಲ್ಲಿ ಮತ್ತೆ ಹಿಡಿಯುವುದು ಮಾತ್ರ ಉಳಿಯಿತು.

ನಾಲ್ಕನೆಯ ಹೆಜ್ಜೆ: ಬೆನ್ನನ್ನು ನೋಡಿ

ಹೊಟ್ಟೆಯ ಲೆಕ್ಕ ಸರಿಹೋದ ಮೇಲೂ ಉಳಿಯುವ ನೋವಿಗೆ ಬೆನ್ನಿನ ಮಧ್ಯಭಾಗ ಕಾರಣವಾಗಿರಬಹುದು. ಹೊಟ್ಟೆಯ ಗೋಡೆಗೂ ಅದರ ಪೊರೆಗೂ ಹೋಗುವ ನರಗಳು ಹೊರಡುವುದು ಎದೆಯ ಹಿಂದಿನ ಬೆನ್ನುಮೂಳೆಯ ಕೆಳಭಾಗದಿಂದ. ಗೂನು ಬೆನ್ನಿನವರಲ್ಲಿ ಪಕ್ಕೆ ಹಿಡಿತ ಹೆಚ್ಚು ಮತ್ತು ಜೋರು ಎಂಬುದು ಗೊತ್ತಾಗಿದೆ. ಆ ಭಾಗದ ಬೆನ್ನುಮೂಳೆಯ ಗಂಟುಗಳನ್ನು ಒತ್ತಿದಾಗ ಕೆಲವು ಓಟಗಾರರಿಗೆ ಪಕ್ಕೆಯ ಅದೇ ನೋವು ಮರುಕಳಿಸಿದ್ದೂ ದಾಖಲಾಗಿದೆ. ದಿನಕ್ಕೆ ಎಂಟೊಂಬತ್ತು ಗಂಟೆ ಲ್ಯಾಪ್‌ಟಾಪ್ ಮೇಲೆ ಬಾಗಿ, ಮೇಲಿಂದ ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ಇನ್ನೆರಡು ಗಂಟೆ ಕುಳಿತು ಬರುವ ಈ ಊರಿನ ಓಟಗಾರರ ಬೆನ್ನು ಬಿಗಿದಿರುವುದು ಸಹಜವೇ.

ಪರೀಕ್ಷಿಸುವ ಕ್ರಮ ಸರಳ. ದೀರ್ಘ ಓಟದ ಕೊನೆಯ ಕಿಲೋಮೀಟರಿನಲ್ಲಿ ಯಾರಾದರೂ ಬದಿಯಿಂದ ನಿಮ್ಮ ವಿಡಿಯೋ ತೆಗೆಯಲಿ, ಅದನ್ನು ಮೊದಲ ಕಿಲೋಮೀಟರಿನ ವಿಡಿಯೋ ಜೊತೆ ಹೋಲಿಸಿ. ಆ ಯುವತಿಯದರಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು: ಭುಜ ಮುಂದಕ್ಕೆ ಬಿದ್ದು, ಎದೆ ಕುಗ್ಗಿ, ನೋಟ ಪಾದದ ಮುಂದಿನ ನೆಲಕ್ಕೆ ಇಳಿದಿತ್ತು. ಓಟದ ನಡುವೆ ಅವರಿಗೆ ಕೊಟ್ಟ ಸೂಚನೆ ಒಂದೇ, ಪ್ರತಿ ಕಿಲೋಮೀಟರಿಗೆ ಒಮ್ಮೆ ಎರಡೂ ಕೈ ಮೇಲೆತ್ತಿ ಎದೆ ಅರಳಿಸಿ, ಕೈ ಇಳಿಸುವಾಗ ಎದೆಯನ್ನು ಅಲ್ಲೇ ಉಳಿಸಿಕೊಳ್ಳುವುದು. ಮನೆಯಲ್ಲಿ ಮಾಡಲು ಯೋಗ ಬಲ್ಲವರಿಗೆ ಪರಿಚಿತವಾದ ಮಾರ್ಜಾಲಾಸನ, ಭುಜಂಗಾಸನ ಮತ್ತು ಕುಳಿತು ಬೆನ್ನನ್ನು ಎರಡೂ ಬದಿಗೆ ತಿರುಗಿಸುವ ಅಭ್ಯಾಸ. ಜೊತೆಗೆ ಹೊಟ್ಟೆಯ ಆಳದ ಸ್ನಾಯುಗಳಿಗೆ ಪ್ಲ್ಯಾಂಕ್: ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ನೇರವಾಗಿ ಹಿಡಿದು, ಉಸಿರು ಕಟ್ಟದೆ, ಸೊಂಟ ಜೋತು ಬೀಳುವ ಮುಂಚೆಯೇ ನಿಲ್ಲಿಸಬೇಕು. ಮುಂಡದ ಸ್ನಾಯು ಬಲವಾಗಿರುವ ಓಟಗಾರರಿಗೆ ಪಕ್ಕೆ ಹಿಡಿತ ಕಡಿಮೆ ಎಂದು ಕಂಡುಬಂದಿದೆ. ಇದರ ಫಲ ಊಟದ ಬದಲಾವಣೆಯಷ್ಟು ಬೇಗ ಸಿಗುವುದಿಲ್ಲ, ಆರರಿಂದ ಎಂಟು ವಾರ ಕೊಡಿ. ಅಷ್ಟಾದರೂ ಬದಲಾವಣೆ ಕಾಣದಿದ್ದರೆ, ಬೆನ್ನಿನ ಮಧ್ಯಭಾಗವನ್ನು ಮುಟ್ಟಿ ಪರೀಕ್ಷಿಸಬಲ್ಲ ಫಿಸಿಯೋಥೆರಪಿಸ್ಟ್ ಬಳಿ ಒಮ್ಮೆ ತೋರಿಸಿ.

ಈ ಅವಧಿಯಲ್ಲಿ ಅಗಲವಾದ ಎಲಾಸ್ಟಿಕ್ ಪಟ್ಟಿಯನ್ನು ಹೊಟ್ಟೆಗೆ ಬಿಗಿಯಾಗಿ ಕಟ್ಟಿಕೊಂಡು ಓಡುವುದರಿಂದ ಕೆಲವರಿಗೆ ಆರಾಮವಾಗುತ್ತದೆ. ಉಸಿರು ತೆಗೆದುಕೊಳ್ಳಲು ಅಡ್ಡಿಯಾಗದಷ್ಟು ಬಿಗಿ ಇರಲಿ.

ಉಸಿರು ಮತ್ತು ವೇಗದ ಬಗ್ಗೆ

ಬಲಗಾಲು ನೆಲಕ್ಕೆ ತಾಗುವಾಗ ಉಸಿರು ಬಿಡಬಾರದು, ಎಡಗಾಲು ತಾಗುವಾಗ ಬಿಡಬೇಕು ಎಂಬ ಸಲಹೆಯನ್ನು ನೀವೂ ಕೇಳಿರುತ್ತೀರಿ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಮಾಡಿ ನೋಡುವುದರಿಂದ ಹಾನಿಯೂ ಇಲ್ಲ, ಆದರೆ ಊಟ ಮತ್ತು ನೀರಿನ ಲೆಕ್ಕ ಹಾಕದೆ ಇದರ ಹಿಂದೆ ಬೀಳುವುದು ಬೇಡ. ಆಳವಿಲ್ಲದ ಗಿಡ್ಡ ಉಸಿರನ್ನು ಬಿಟ್ಟು ಹೊಟ್ಟೆಯಿಂದ ದೀರ್ಘವಾಗಿ ಉಸಿರಾಡಿದರೆ ಸಾಕು. ಆರಂಭದಲ್ಲೇ ಓಡೋಡಿ ಹೋಗದೆ ಮೊದಲ ಹತ್ತು ನಿಮಿಷ ನಿಧಾನವಾಗಿ ಓಡುವುದರಿಂದಲೂ ಹಲವರಿಗೆ ಗುಣ ಕಂಡಿದೆ.

ಸ್ಪರ್ಧೆಯ ದಿನ

ಅಭ್ಯಾಸದಲ್ಲಿ ಗೆದ್ದ ನೋವು ಸ್ಪರ್ಧೆಯಲ್ಲಿ ಮತ್ತೆ ಬರುವುದಕ್ಕೆ ಕಾರಣ ಸಾಮಾನ್ಯವಾಗಿ ಆ ಬೆಳಗಿನ ಅವಸರ. ನಗರದ ದೊಡ್ಡ ಓಟಗಳಿಗೆ ಸೂರ್ಯ ಮೂಡುವ ಹೊತ್ತಿಗೆಲ್ಲ ಆರಂಭದ ಗೆರೆಯ ಬಳಿ ಇರಬೇಕಾಗುತ್ತದೆ, ನಾಲ್ಕಕ್ಕೆ ಎದ್ದವರಿಗೂ ತಿಂಡಿಗೆ ಎರಡು ಗಂಟೆಯ ಅಂತರ ಸಿಗುವುದು ಕಷ್ಟ. ಅಂಥ ದಿನ ಹಿಂದಿನ ರಾತ್ರಿಯ ಊಟವನ್ನು ಎಂಟರೊಳಗೆ ಚೆನ್ನಾಗಿ ಮಾಡಿ, ಬೆಳಿಗ್ಗೆ ಅಭ್ಯಾಸದಲ್ಲಿ ಹೊಟ್ಟೆ ಒಪ್ಪಿಕೊಂಡ ಸಣ್ಣ ಪ್ರಮಾಣವನ್ನಷ್ಟೇ ತೆಗೆದುಕೊಳ್ಳಿ. ಆರಂಭದ ಜಾಗದಲ್ಲಿ ಹಂಚುವ ಪಾನೀಯ ಅಭ್ಯಾಸದಲ್ಲಿ ಕುಡಿದು ನೋಡಿದ್ದಲ್ಲವಾದರೆ ಆಮೇಲೆ ಕುಡಿಯಲು ಇಟ್ಟುಕೊಳ್ಳಿ. ದಾರಿಯ ನೀರಿನ ಮೇಜುಗಳಲ್ಲಿ ಬಾಟಲಿ ಸಿಕ್ಕರೆ ಅಲ್ಲಿಯೇ ಖಾಲಿ ಮಾಡದೆ, ಕೈಯಲ್ಲಿ ಹಿಡಿದುಕೊಂಡು ಮುಂದಿನ ಕಿಲೋಮೀಟರಿನವರೆಗೆ ಗುಟುಕರಿಸುತ್ತಾ ಹೋಗಿ. ಲೋಟ ಕೊಟ್ಟರೆ ಅರ್ಧ ಕುಡಿದು, ಉಳಿದ ಅರ್ಧವನ್ನು ತಲೆ, ಕತ್ತಿನ ಮೇಲೆ ಸುರಿದುಕೊಳ್ಳಿ.